ನಾಲ್ಕು ಟಿಕೆಟ್‌ನಲ್ಲಿ ಒಂದು ರದ್ದಾದರೆ: ವಿಮಾನ ಕಂಪನಿಯ ವೆಬ್‌ಸೈಟೋ, ಬುಕಿಂಗ್ ಆ್ಯಪೋ?

ಮನೆಮಂದಿಗೆಲ್ಲ ಸೇರಿಸಿ ವಿಮಾನದ ಟಿಕೆಟ್ ತೆಗೆಯುವಾಗ ನಾನೀಗ ನೇರವಾಗಿ ವಿಮಾನ ಕಂಪನಿಯ ವೆಬ್‌ಸೈಟಿಗೇ ಹೋಗುತ್ತೇನೆ. ಬುಕಿಂಗ್ ಆ್ಯಪ್‌ನಲ್ಲಿ ಮೊತ್ತ ಸ್ವಲ್ಪ ಕಡಿಮೆ ಕಂಡರೂ ಸರಿ. ಎರಡೂ ಕಡೆ ನಾಲ್ಕು ಜನರಿಗೆ ಟಿಕೆಟ್ ತೆಗೆದಿದ್ದೇನೆ. ಎರಡೂ ಸಲ ಅತ್ತೆಯವರಿಗೆ ಹುಷಾರಿಲ್ಲದೆ ಅವರದೊಂದು ಟಿಕೆಟ್ ರದ್ದು ಮಾಡಬೇಕಾಯಿತು. ವ್ಯತ್ಯಾಸ ಗೊತ್ತಾಗಿದ್ದು ಆಗಲೇ.

ಮೊದಲು ಕೊಳ್ಳುವಾಗಿನ ಲೆಕ್ಕ ನೋಡೋಣ. ಅನುಕೂಲಕ್ಕೆ ಅಂಕಿಗಳನ್ನು ದುಂಡು ಮಾಡಿ, ಎರಡೂ ಕಡೆ ಒಂದೇ ವಿಮಾನ, ಒಂದೇ ದರ ಎಂದು ಇಟ್ಟುಕೊಂಡಿದ್ದೇನೆ. ತಲೆಗೆ ಮೂಲ ದರ 4,000, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ 900. ನಾಲ್ವರಿಗೆ 19,600 ಆಯಿತು. ಜೊತೆಗೆ ಹೆಚ್ಚುವರಿ ಲಗೇಜಿಗೆ 1,800. ಇಷ್ಟು ಎರಡೂ ಕಡೆ ಒಂದೇ.

ಕಂಪನಿಯ ವೆಬ್‌ಸೈಟಿನಲ್ಲಿ ಕನ್ವೀನಿಯನ್ಸ್ ಫೀ ತಲೆಗೆ 250, ಅಂದರೆ 1,000. ಒಟ್ಟು 22,400. ಆ್ಯಪ್‌ನಲ್ಲಿ ಕೂಪನ್ ಹಾಕಿದರೆ 1,200 ಕಡಿಮೆ, ಆದರೆ ಫೀ ತಲೆಗೆ 350. ಒಟ್ಟು 21,600. ಕೂಪನ್ ದೊಡ್ಡ ಅಕ್ಷರದಲ್ಲಿ ಮೊದಲೇ ಕಾಣುತ್ತದೆ, ಫೀ ದುಡ್ಡು ಕಟ್ಟುವ ಪುಟದಲ್ಲಿ ಬಂದು ಸೇರುತ್ತದೆ. ಹಾಗಾಗಿ 1,200 ಉಳಿಯಿತು ಅನ್ನಿಸಿದರೂ ನಿಜಕ್ಕೂ ಉಳಿಯುವುದು 800. ಇಲ್ಲಿಯವರೆಗೆ ಆ್ಯಪ್ ಅಗ್ಗ, ಒಪ್ಪುತ್ತೇನೆ. ಅದೇ ಪುಟದಲ್ಲಿ ವಿಮೆಗೆ ಟಿಕ್ ಬಿದ್ದಿದೆಯಾ ಅಂತಲೂ ನೋಡಿಕೊಳ್ಳಿ.

ಈಗ ಒಬ್ಬರ ಟಿಕೆಟ್ ರದ್ದಾಯಿತು. ವಿಮಾನ ಕಂಪನಿ ಹಿಡಿದುಕೊಳ್ಳುವುದು ಎಲ್ಲ ಸೇರಿ 3,500 ಅಂದುಕೊಳ್ಳಿ. ವೆಬ್‌ಸೈಟಿನಲ್ಲಿ ತೆಗೆದಿದ್ದರೆ 4,900ರಲ್ಲಿ 3,500 ಕಳೆದು 1,400 ವಾಪಸ್. ಕನ್ವೀನಿಯನ್ಸ್ ಫೀ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಎರಡೂ ಕಡೆ ಅದನ್ನು ಮರೆತುಬಿಡಿ.

ಆ್ಯಪ್‌ನಲ್ಲಿ ಇನ್ನೂ ಎರಡು ಕಡಿತ ಇದ್ದವು. ಅತ್ತೆಯವರ ಪಾಲಿನ ಕೂಪನ್ 300 ಹೋಯಿತು. ಅದು ನ್ಯಾಯವೇ, ಆ 300 ನಾವು ಕೊಟ್ಟೇ ಇರಲಿಲ್ಲ. ಆಮೇಲೆ ಆ್ಯಪ್‌ನವರ ಸ್ವಂತ ಕ್ಯಾನ್ಸಲೇಷನ್ ಸೇವಾ ಶುಲ್ಕ, ತಲೆಗೆ 600. ಕೈಗೆ ಬಂದಿದ್ದು 500. ಈಗ ಕೂಡಿಸಿ ನೋಡಿ. ವೆಬ್‌ಸೈಟಿನ ದಾರಿಯಲ್ಲಿ ಕೊನೆಗೆ ಹೋದ ದುಡ್ಡು 21,000. ಆ್ಯಪ್ ದಾರಿಯಲ್ಲಿ 21,100. ಮೊದಲು ಉಳಿದಿದ್ದ 800 ಪೂರ್ತಿ ಕರಗಿ, ಮೇಲೆ ನೂರು ಕೈಯಿಂದಲೇ ಹೋಯಿತು. ಹೋಗಿಬರುವ ಟಿಕೆಟ್ ಆದರೆ ಆ ಸೇವಾ ಶುಲ್ಕ ಒಂದೊಂದು ಕಡೆಗೂ ಬೇರೆ ಬೇರೆ ಬೀಳಬಹುದು.

ನೂರಕ್ಕಿಂತ ನನಗೆ ಜಾಸ್ತಿ ಬೇಜಾರಾಗಿದ್ದು ರದ್ದು ಮಾಡುವ ಕೆಲಸ. ಆ್ಯಪ್‌ನಲ್ಲಿ ಪೂರ್ತಿ ಬುಕಿಂಗ್ ರದ್ದು ಮಾಡುವುದು ಒಂದೇ ಗುಂಡಿ. ಒಬ್ಬರ ಹೆಸರಿಗಷ್ಟೇ ಟಿಕ್ ಹಾಕಿ ಒತ್ತಿದರೆ ಟಿಕೆಟ್ ರದ್ದಾಗಲಿಲ್ಲ, 'ನಿಮ್ಮ ಕೋರಿಕೆ ತಲುಪಿದೆ' ಅಂತ ಬಂತು. ಅಂದರೆ ಅಲ್ಲಿ ಯಾರೋ ಒಬ್ಬರು ನೋಡಿ, ಕೈಯಾರೆ ಮಾಡಬೇಕು. ಕಾರಣ ಇದೆ. ನಾಲ್ವರೂ ಒಂದೇ ಪಿಎನ್‌ಆರ್‌ನಲ್ಲಿ ಇರುತ್ತಾರೆ. ಒಬ್ಬರನ್ನು ತೆಗೆಯಬೇಕೆಂದರೆ ಸಾಮಾನ್ಯವಾಗಿ ಮೊದಲು ಅವರನ್ನು ಬೇರೆ ಪಿಎನ್‌ಆರ್‌ಗೆ ಒಡೆದು, ಆಮೇಲೆ ಅದನ್ನು ರದ್ದು ಮಾಡುತ್ತಾರೆ.

ಕಾಯುವುದರಲ್ಲಿ ಏನಿದೆ ಅನ್ನಬೇಡಿ. ರದ್ದತಿ ಶುಲ್ಕ ಎಷ್ಟೋ ಕಡೆ ಹಂತ ಹಂತವಾಗಿ ಇರುತ್ತದೆ, ಹೊರಡುವ ಹೊತ್ತು ಹತ್ತಿರವಾದಷ್ಟೂ ಜಾಸ್ತಿ. ಕೋರಿಕೆ ಕಳಿಸಿದ ಹೊತ್ತು ಲೆಕ್ಕಕ್ಕೋ, ಟಿಕೆಟ್ ನಿಜವಾಗಿ ರದ್ದಾದ ಹೊತ್ತು ಲೆಕ್ಕಕ್ಕೋ? ಕಂಪನಿಗೆ ಲೆಕ್ಕ ಎರಡನೆಯದೇ. ಸಂಜೆ ಕಳಿಸಿದ ಕೋರಿಕೆಯನ್ನು ಬೆಳಿಗ್ಗೆ ನೋಡಿದರೆ ಹಂತ ದಾಟಿರಬಹುದು. ಗಾಬರಿಯಾಗಿ ಕಂಪನಿಗೇ ಫೋನ್ ಮಾಡಿದೆ. 'ನೀವು ಏಜೆಂಟ್ ಮೂಲಕ ಬುಕ್ ಮಾಡಿದ್ದೀರಿ, ಅವರನ್ನೇ ಕೇಳಿ' ಅಂದರು. ಅವರ ಮಟ್ಟಿಗೆ ಆ್ಯಪ್ ಕೂಡ ಏಜೆಂಟೇ. ಹಣವೂ ಮೊದಲು ಆ್ಯಪ್‌ನವರಿಗೆ ಹೋಗಿ, ಅಲ್ಲಿಂದ ನಮ್ಮ ಕಾರ್ಡಿಗೆ ಬರಬೇಕು. ಅದರ ಮಧ್ಯೆ 'ವಾಲೆಟ್‌ಗೆ ಬೇಗ ಬರುತ್ತದೆ' ಅನ್ನುವ ಆಯ್ಕೆ ಮೊದಲೇ ಒತ್ತಿಟ್ಟಿತ್ತು. ಅದನ್ನು ಬಿಡಿಸಿ ಕಾರ್ಡನ್ನೇ ಆರಿಸಿದೆ. ವಾಲೆಟ್‌ನ ದುಡ್ಡು ಮತ್ತೆ ಅಲ್ಲೇ ಖರ್ಚಾಗಬೇಕು, ಅಲ್ವಾ?

ವೆಬ್‌ಸೈಟಿನಲ್ಲಿ ಇದೇ ಕೆಲಸ ಹೀಗಾಯಿತು: ಪಿಎನ್‌ಆರ್ ಹಾಕಿದೆ, ಅತ್ತೆಯವರ ಹೆಸರಿಗೆ ಟಿಕ್ ಹಾಕಿದೆ, ಎಷ್ಟು ಕಡಿತ, ಎಷ್ಟು ವಾಪಸ್ ಅಂತ ಅಲ್ಲೇ ಕಂಡಿತು, ಒಪ್ಪಿದೆ. ಉಳಿದ ಮೂವರ ಟಿಕೆಟ್ ಹೊಸದಾಗಿ ಮೇಲ್‌ಗೆ ಬಂತು. ಅದರಲ್ಲಿ ಮೂರೂ ಹೆಸರು, ಸೀಟು, ಲಗೇಜು ಸರಿಯಾಗಿದೆಯಾ ಅಂತ ಮಾತ್ರ ನೋಡಿಕೊಳ್ಳಬೇಕು.

ಲಗೇಜಿನ ವಿಷಯ ಎಲ್ಲಿ ಬುಕ್ ಮಾಡಿದರೂ ಒಂದೇ, ಆದರೆ ದುಡ್ಡು ಇಲ್ಲೂ ಸೋರುತ್ತದೆ. ಹೆಚ್ಚುವರಿ ಲಗೇಜು ಕುಟುಂಬದ ಹೆಸರಿಗೆ ಸಿಗುವುದಿಲ್ಲ, ಒಬ್ಬ ಪ್ರಯಾಣಿಕರ ಹೆಸರಿಗೆ ಅಂಟಿಕೊಂಡಿರುತ್ತದೆ. ಅತ್ತೆಯವರ ಹೆಸರಿಗೆ ಹಾಕಿದ್ದರೆ, ಅವರ ಟಿಕೆಟ್ ಜೊತೆ ಆ ಲಗೇಜೂ ಹೋಗುತ್ತಿತ್ತು. ಆ 1,800 ವಾಪಸ್ ಬರುತ್ತದೋ ಇಲ್ಲವೋ ಅದು ಕಂಪನಿಯ ನಿಯಮ. ಅಷ್ಟೇ ಅಲ್ಲ, ಅವರ ಟಿಕೆಟ್‌ನಲ್ಲೇ ಸೇರಿದ್ದ ಮಾಮೂಲಿ ಲಗೇಜಿನ ಮಿತಿಯೂ ಹೋಗುತ್ತದೆ. ತಲೆಗೆ 15 ಕೆಜಿ ಇದ್ದರೆ ನಾಲ್ವರ 60 ಕೆಜಿ ಮೂವರ 45 ಆಗುತ್ತದೆ. ಮನೆಯಲ್ಲಿ 60ರ ಲೆಕ್ಕದಲ್ಲಿ ತುಂಬಿಟ್ಟ ಪೆಟ್ಟಿಗೆಗಳು ಹಾಗೇ ಇರುತ್ತವೆ. ಕೌಂಟರಿನಲ್ಲಿ ಕಟ್ಟುವ ದರ ಆನ್‌ಲೈನ್‌ನಲ್ಲಿ ಮೊದಲೇ ಕೊಂಡ ದರಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಅದಕ್ಕೇ ನಾನು ಹೆಚ್ಚುವರಿ ಲಗೇಜನ್ನು ಖಂಡಿತ ಹೊರಡುವವರ ಹೆಸರಿಗೇ ಹಾಕುತ್ತೇನೆ, ಅಂದರೆ ನನ್ನ ಹೆಸರಿಗೆ.

ತೆರಿಗೆ ಬಗ್ಗೆ ಒಂದು ಮಾತು. ತೀರಾ ಅಗ್ಗದ ಟಿಕೆಟ್‌ನಲ್ಲಿ ರದ್ದತಿ ಶುಲ್ಕ ಮೂಲ ದರವನ್ನೇ ನುಂಗಿಬಿಡುತ್ತದೆ. 'ಏನೂ ಬರಲ್ಲ, ಸುಮ್ನೆ ಬಿಡು' ಅಂತ ಎಷ್ಟೋ ಜನ ರದ್ದೇ ಮಾಡುವುದಿಲ್ಲ. ಆದರೆ ನಿಲ್ದಾಣದ ಶುಲ್ಕ ಹಾರುವವರಿಗೆ ಹಾಕುವಂಥದ್ದು. ಹಾರದಿದ್ದರೆ ಅದು ಎಷ್ಟೋ ಕಡೆ ವಾಪಸ್ ಸಿಗುತ್ತದೆ. ನಿಯಮ ಓದಿ, ವಿಮಾನ ಹೊರಡುವ ಮುಂಚೆಯೇ ರದ್ದು ಮಾಡಿ. ಆ್ಯಪ್‌ನಲ್ಲಿ ತೆಗೆದಿದ್ದರೆ ಈ ಸಣ್ಣ ಮೊತ್ತವನ್ನೂ ಸೇವಾ ಶುಲ್ಕ ತಿನ್ನುತ್ತದೆ.

ಹೊರಡುವುದೇ ಅನುಮಾನ ಇರುವವರಿಗೆ ಬೇರೆಯೇ ಪಿಎನ್‌ಆರ್ ಮಾಡಿಸಿದರೆ ಒಡೆಯುವ ತಲೆನೋವೇ ಇರದು. ಫೀ ತಲೆ ಲೆಕ್ಕದಲ್ಲಿದ್ದರೆ ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ, ಬುಕಿಂಗ್ ಲೆಕ್ಕದಲ್ಲಿದ್ದರೆ ಎರಡು ಸಲ ಕಟ್ಟಬೇಕು. ಆದರೆ ವಿಮಾನ ರದ್ದಾಗಿ ಬೇರೆಯದಕ್ಕೆ ಹಾಕಿದರೆ ಅವರು ನಮ್ಮಿಂದ ಬೇರೆಯಾಗುವ ಸಾಧ್ಯತೆ ಇದೆ. ವಯಸ್ಸಾದ ಅತ್ತೆಯವರನ್ನು ಹಾಗೆ ಒಬ್ಬರನ್ನೇ ಬಿಡಲು ನನಗೆ ಮನಸ್ಸಿಲ್ಲ. ಹಾಗಾಗಿ ಒಂದೇ ಪಿಎನ್‌ಆರ್, ಕಂಪನಿಯ ವೆಬ್‌ಸೈಟಿನಲ್ಲಿ.

ನಾನೊಬ್ಬನೇ, ಹೋಗುವುದು ಗ್ಯಾರಂಟಿ ಅಂತಿದ್ದರೆ ಆ್ಯಪ್‌ನ ಕೂಪನ್ ಈಗಲೂ ಬಳಸುತ್ತೇನೆ. ಅಲ್ಲಿ ಉಳಿದದ್ದು ಉಳಿಯುತ್ತದೆ. ಮನೆಯವರ ಜೊತೆ ಹೊರಡುವಾಗ 800 ಜಾಸ್ತಿ ಕೊಡುವುದು ನನ್ನ ಬಜೆಟ್‌ಗೆ ಭಾರವಲ್ಲ. ನಿಮ್ಮ ಮನೆಯಲ್ಲಿ ಯಾರೂ ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದಿಲ್ಲ ಅಂದರೆ ಆ್ಯಪ್ ತೆಗೆದುಕೊಳ್ಳಿ, ಆದರೆ ದುಡ್ಡು ಕಟ್ಟುವ ಮೊದಲು ಒಬ್ಬರನ್ನಷ್ಟೇ ರದ್ದು ಮಾಡಿದರೆ ಅವರ ಸೇವಾ ಶುಲ್ಕ ಎಷ್ಟು ಎಂದು ಷರತ್ತುಗಳಲ್ಲಿ ಹುಡುಕಿ ನೋಡಿ.