ಮೊಟ್ಟೆ ಟ್ರೇ ಕಂಬಳಿಹುಳುವೋ, ತೆಂಗಿನ ಚಿಪ್ಪಿನ ಆಮೆಯೋ?

ಎಲ್‌ಕೆಜಿ ಮಕ್ಕಳಿಗೆ 40 ನಿಮಿಷದ ಒಂದೇ ಕ್ರಾಫ್ಟ್ ತರಗತಿ ಇದ್ದರೆ ನಾನು ಮೊಟ್ಟೆ ಟ್ರೇಯನ್ನೇ ಆರಿಸುತ್ತೇನೆ. ರಟ್ಟಿನ ಟ್ರೇಯನ್ನು ಆರು ಗುಳಿಗಳ ಸಾಲುಗಳಾಗಿ ಮೊದಲೇ ನೀವೇ ಕತ್ತರಿಸಿಡಿ. ಕವುಚಿ ಹಾಕಿದರೆ ಕಂಬಳಿಹುಳುವಿನ ಬೆನ್ನು ರೆಡಿ. ಮೊಟ್ಟೆ ಒಡೆದು ಅಂಟಿರುವ ಟ್ರೇ ಮಾತ್ರ ಬೇಡ. ರಟ್ಟು ತೊಳೆಯಲು ಬರುವುದಿಲ್ಲ, ಹಸಿ ಮೊಟ್ಟೆಯ ರೋಗಾಣು ಮಕ್ಕಳ ಕೈಗೆ ಬರಬಹುದು. ಬಣ್ಣಕ್ಕೆ ನೀರು ಜಾಸ್ತಿಯಾದರೆ ರಟ್ಟು ಮೆತ್ತಗಾಗಿ ಕುಸಿಯುತ್ತದೆ.

ಚಿಪ್ಪಿನ ಆಮೆ ಗಟ್ಟಿ, ನೋಡಲೂ ಚೆಂದ. ಆದರೆ ನಾರು ಕೆರೆದು, ಅಂಚನ್ನು ಉಪ್ಪುಕಾಗದದಿಂದ ಉಜ್ಜುವ ಕೆಲಸ ದೊಡ್ಡವರದ್ದೇ. ರಟ್ಟಿನ ಕಾಲುಗಳನ್ನು ಅಂಟಿನಿಂದ ಹಚ್ಚಿದರೆ ಒಣಗುವ ಮೊದಲೇ ಜಾರಿಬಿಡುತ್ತವೆ. ಜೇಡಿಮಣ್ಣಿನ ನಾಲ್ಕು ಉಂಡೆ ಮಾಡಿ ಅದರ ಮೇಲೆ ಚಿಪ್ಪು ಒತ್ತುವುದು ವಾಸಿ.

ನಿಜವಾದ ವ್ಯತ್ಯಾಸ ಕಾಣುವುದು ಸ್ವಚ್ಛ ಮಾಡುವಾಗ. ಟ್ರೇ ಕೆಲಸದಲ್ಲಿ ಹತ್ತು ನಿಮಿಷ ಸಾಕು. ಮೊದಲು ಹುಳುಗಳು ಕಿಟಕಿ ಬಳಿಯ ಪೇಪರ್ ಮೇಲೆ ಹೋಗಲಿ. ಆಮೇಲೆ ತುಣುಕುಗಳು ಬುಟ್ಟಿಗೆ, ಬ್ರಷ್‌ಗಳು ನೀರಿನ ಡಬ್ಬಕ್ಕೆ. ಕೊನೆಗೆ ಕೈ ತೊಳೆಯುವುದು. ಒಂದೊಂದು ಹೆಜ್ಜೆಗೆ ಒಂದೇ ಮಾತು ಹೇಳಿ. "ಎಲ್ಲಾ ಎತ್ತಿಡಿ" ಅಂದರೆ ನಾಲ್ಕು ವರ್ಷದ ಮಗು ಸುಮ್ನೆ ನಿಂತುಬಿಡುತ್ತದೆ, ಅಲ್ವಾ? ಜೇಡಿಮಣ್ಣಿಗೆ ಇನ್ನೂ ಐದು ನಿಮಿಷ ಬೇಕು. ಕೈಯ ಮಣ್ಣನ್ನು ಮೊದಲು ಬಕೆಟ್‌ನಲ್ಲಿ ತೊಳೆಸಿ, ಸಿಂಕ್‌ನಲ್ಲಾದರೆ ಕಟ್ಟಿಕೊಳ್ಳುತ್ತದೆ. ಎರಡು ತರಗತಿ ಒಟ್ಟಿಗೆ ಸಿಕ್ಕಿದ ದಿನ ಆಮೆ ಮಾಡಿಸಿ.