ಮಳೆಗಾಲದ ಸಂಜೆ ತೆಗೆದ ರವಿಕೆ ಫೋಟೋ: ನೈಟ್ ಮೋಡಾ, ರಾ ಫೈಲಾ?

ಅತ್ತಿಗೆ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸೋದು ನನ್ನ ಪಾಲಿನ ಕೆಲಸ. ಚಿಕ್ಕಮಗಳೂರಿನಲ್ಲಿ ಜುಲೈ ಮಳೆ ಹಿಡಿದರೆ ನಾಲ್ಕು ಗಂಟೆಗೇ ಲೈಟ್ ಹಾಕಬೇಕು. ಅಂಥದೇ ಒಂದು ಸಂಜೆ ಮೆರೂನ್ ರೇಷ್ಮೆ ರವಿಕೆಯ ಫೋಟೋ ತೆಗೆದೆ. ಹಾಸನದ ಗಿರಾಕಿಯೊಬ್ಬರು ಅದೇ ಡಿಸೈನ್ ಬಾಟಲ್ ಗ್ರೀನ್‌ನಲ್ಲಿ ಹೇಗೆ ಕಾಣುತ್ತೆ ಅಂತ ಕೇಳಿದ್ದರು. ಫೋನಲ್ಲೇ ಬಣ್ಣ ಬದಲಿಸಿ ಕಳಿಸಿದೆ. "ಇದೇನ್ರೀ, ರೇನ್‌ಕೋಟ್ ಬಟ್ಟೆನಾ?" ಅಂತ ಉತ್ತರ ಬಂತು. ಆರ್ಡರ್ ಅಲ್ಲಿಗೇ ನಿಂತಿತು.

ಆಮೇಲೆ ಅದೇ ರವಿಕೆಯನ್ನು ಅದೇ ಕೋಣೆಯಲ್ಲಿ ಮೂರು ಥರ ತೆಗೆದು ನೋಡಿದೆ: ನೈಟ್ ಮೋಡ್, ಮಾಮೂಲಿ ಫೋಟೋ ತೆಗೆದು ಒಂದೇ ಒತ್ತಿಗೆ ಚೊಕ್ಕ ಮಾಡುವ ಆ್ಯಪ್, ಮತ್ತೆ ಪ್ರೊ ಮೋಡ್‌ನಲ್ಲಿ ಫೋನ್ ಹೆಚ್ಚೇನೂ ತಿದ್ದದೆ ಉಳಿಸುವ ರಾ ಫೈಲ್. ಈಗ ನಾನು ರಾ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಆ್ಯಪ್ ವಿಷಯ ಬೇಗ ಮುಗಿಸುತ್ತೇನೆ. ಫೋಟೋ ಏನೋ ಚೊಕ್ಕ ಆಯಿತು. ಆದರೆ ರೇಷ್ಮೆ ಮೇಲೆ ಇಲ್ಲದ ನೇಯ್ಗೆ ಬಂದು ಕೂತಿತು, ಕೈಮಗ್ಗದ ಹತ್ತಿ ಥರ. ಅಳಿಸಿ ಹಾಕಿದೆ.

ನೈಟ್ ಮೋಡ್ ಮಾತ್ರ ನನ್ನನ್ನು ಚೆನ್ನಾಗಿ ಏಮಾರಿಸಿತು. ಅದು ಒಂದರ ಹಿಂದೆ ಒಂದು ಹಲವು ಫೋಟೋ ತೆಗೆದು, ಒಟ್ಟು ಸೇರಿಸಿ, ಕಾಳು ಕಾಳಾಗಿ ಕಾಣುವ ನಾಯ್ಸನ್ನು ಒರೆಸುತ್ತದೆ. ಬಟ್ಟೆಯ ಎಳೆಯೂ ಆ ಕಾಳಿನಷ್ಟೇ ಸಣ್ಣದು. ಎರಡನ್ನೂ ಬೇರೆ ಮಾಡಲು ಗೊತ್ತಾಗದೆ ಎಳೆಯನ್ನೂ ಒರೆಸಿಬಿಡುತ್ತದೆ. ಮೆರೂನ್ ಕಡು ಬಣ್ಣ, ಹಾಗಾಗಿ ಮೊದಲು ಏನೂ ಕಾಣಲಿಲ್ಲ. ಹಸಿರಿಗೆ ತಿರುಗಿಸಿ ಸ್ವಲ್ಪ ತಿಳಿ ಮಾಡಿದ ಮೇಲೆ ನೋಡಿದರೆ ತೋಳೆಲ್ಲ ಮೇಣ ಬಳಿದ ಹಾಗೆ. ಶಾರ್ಪನಿಂಗ್ ಎಷ್ಟು ಎಳೆದರೂ ಹೋದ ಎಳೆ ಬರಲಿಲ್ಲ. ಹೊಲಿಗೆ ಅಂಚಿಗೆ ಬಿಳಿ ಗೆರೆ ಬಂದಿದ್ದೇ ಲಾಭ.

ಅದರ ಜೊತೆ ಇನ್ನೊಂದು ಕಾಟ ಇತ್ತು. ಹಳದಿ ಬಲ್ಬಿನ ಬೆಳಕಲ್ಲಿ ಕೆಂಪು ಜಾಸ್ತಿ, ನೀಲಿ ತೀರಾ ಕಮ್ಮಿ. ಕಡು ಬಟ್ಟೆ ಕಂಡ ಕೂಡಲೇ ಫೋನ್ ತಾನೇ ಬೆಳಕು ಏರಿಸುತ್ತದೆ. ಆಗ ಕೆಂಪು ಚಾನೆಲ್ ತುಂಬಿ ತುಳುಕುತ್ತದೆ. ತುಂಬಿದ ಮೇಲೆ ಎಳೆಯ ಏರು ತಗ್ಗು ಎಲ್ಲ ಒಂದೇ ಮಟ್ಟ, ಮಡಿಕೆಯೂ ಮಾಯ. ಕಣ್ಣಿಗೆ ಫೋಟೋ ಮಬ್ಬಾಗಿಯೇ ಕಾಣುತ್ತಿರುತ್ತದೆ, ಅದೇ ಮೋಸ. ಬೆಳಕಿನ ಮಟ್ಟ ತೋರಿಸುವ ಹಿಸ್ಟೋಗ್ರಾಮ್ ಗ್ರಾಫಿನಲ್ಲಿ ಕೆಂಪು ಗೆರೆ ಬಲಗಡೆ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಕೆಲಸ ಕೆಟ್ಟಿದೆ ಅಂತಲೇ. ನಾನು ಈಗ ಕೆಂಪು ಬಟ್ಟೆಗೆ ಎಕ್ಸ್‌ಪೋಶರ್ -0.7 ಇಟ್ಟೇ ತೆಗೆಯುತ್ತೇನೆ.

ರಾ ಫೈಲಿಗೆ ಮಾಡಿದ್ದು ಇಷ್ಟು. ಹಳದಿ ಬಲ್ಬ್ ಆರಿಸಿದೆ, ಬಿಳಿ ಟ್ಯೂಬ್‌ಲೈಟ್ ಒಂದೇ ಇಟ್ಟೆ. ಎರಡು ಬಣ್ಣದ ಬೆಳಕು ಬಿದ್ದರೆ ಒಂದು ತೋಳು ಸರಿ ಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತದೆ. ರವಿಕೆ ಹ್ಯಾಂಗರ್‌ಗೆ, ಫೋನ್ ಮುನ್ನೂರು ರೂಪಾಯಿ ಸ್ಟ್ಯಾಂಡಿಗೆ, ಎರಡು ಸೆಕೆಂಡ್ ಟೈಮರ್. ಐಎಸ್ಒ 100, ಶಟರ್ 1/4 ಸೆಕೆಂಡ್. ಮೊದಲ ಫೋಟೋದಲ್ಲಿ ರವಿಕೆ ಪಕ್ಕ ಒಂದು ಬಿಳಿ ಹಾಳೆ.

ಲೈಟ್‌ರೂಮ್ ಆ್ಯಪ್‌ನಲ್ಲಿ ತೆರೆದು, ವೈಟ್ ಬ್ಯಾಲೆನ್ಸ್ ಡ್ರಾಪರನ್ನು ಆ ಹಾಳೆ ಮೇಲೆ ಇಟ್ಟೆ. ಬಂದ ಬಣ್ಣವನ್ನೇ ಉಳಿದ ಫೋಟೋಗಳಿಗೂ ಹಾಕಿದೆ. ಆಮೇಲೆ ಕಲರ್ ನಾಯ್ಸ್ ರಿಡಕ್ಷನ್ 25ರಲ್ಲಿ ಬಿಟ್ಟೆ. ಮಾಮೂಲಿ ನಾಯ್ಸ್ ರಿಡಕ್ಷನ್ ಹತ್ತು ದಾಟಿಸಲಿಲ್ಲ, ಎಳೆ ಒರೆಸುವುದು ಅದೇ. ಸ್ವಲ್ಪ ಕಾಳು ಉಳಿದರೆ ಉಳಿಯಲಿ, ಬಟ್ಟೆ ಮೇಲೆ ಅದು ಬಟ್ಟೆಯ ಹಾಗೇ ಕಾಣುತ್ತದೆ. ಬಣ್ಣದ ಚುಕ್ಕಿ ಮಾತ್ರ ಮೊದಲೇ ಹೋಗಬೇಕು. ಇಲ್ಲದಿದ್ದರೆ ಬದಲಿಸುವ ಭಾಗವನ್ನಷ್ಟೇ ಬಣ್ಣ ನೋಡಿ ಆರಿಸಿ ಮಾಸ್ಕ್ ಹಾಕುವಾಗ ಅಲ್ಲಲ್ಲಿ ತೂತು ಬಿದ್ದು, ಹಸಿರಿನ ನಡುವೆ ಮೆರೂನ್ ಚುಕ್ಕಿ ಇಣುಕುತ್ತದೆ. ಶಾರ್ಪನಿಂಗ್ ಸೊನ್ನೆಯಲ್ಲಿಟ್ಟು, ಮಾಸ್ಕ್ ಹಾಕಿ, ಹ್ಯೂ ತಿರುಗಿಸಿ, ಕೊನೆಗೆ ಶಾರ್ಪ್ ಮಾಡಿದೆ. ಈ ಸಲ ತೋಳಿನ ಮೇಲೆ ಎಳೆ ಎಣಿಸಬಹುದಿತ್ತು!

ಯಾರಾದರೂ ತೊಟ್ಟು ನಿಂತಿದ್ದರೆ 1/4 ನಡೆಯಲ್ಲ. 1/50 ಇಟ್ಟು ಐಎಸ್ಒ ಏರಿಸಬೇಕು. ನಮ್ಮ ಕರೆಂಟ್ 50 ಹರ್ಟ್ಸ್, 1/50ಕ್ಕಿಂತ ವೇಗದ ಯಾವುದೋ ಸ್ಪೀಡ್ ಇಟ್ಟರೆ ಕೆಲವು ಟ್ಯೂಬ್‌ಲೈಟ್‌ಗಳ ಕೆಳಗೆ ಬಟ್ಟೆ ಮೇಲೆ ಕಪ್ಪು ಪಟ್ಟೆ ಬರುತ್ತದೆ.

ರಾ ಫೈಲ್ ನನ್ನ ಫೋನಲ್ಲಿ ಒಂದೊಂದೂ 24 ಎಂಬಿ. ಒಂದು ರವಿಕೆಗೆ ಹತ್ತು ನಿಮಿಷ ಹಿಡಿಯುತ್ತದೆ. ವಾರಕ್ಕೆ ನಾಲ್ಕೈದು ರವಿಕೆ ಅಷ್ಟೇ, ನನಗೆ ಸಾಕು. ದಿನಕ್ಕೆ ಮೂವತ್ತು ಇರುವವರು, ಬಣ್ಣ ಬದಲಿಸದೆ ಸುಮ್ನೆ ಸ್ಟೇಟಸ್‌ಗೆ ಹಾಕುವವರು ನೈಟ್ ಮೋಡಲ್ಲೇ ತೆಗೆಯಲಿ.

ಒಂದು ಕೊರತೆ ಉಳಿದಿದೆ. ಅಗ್ಗದ ಎಲ್‌ಇಡಿ ಟ್ಯೂಬಿನಲ್ಲಿ ಕಡು ಕೆಂಪು ಕಮ್ಮಿ ಇರುತ್ತದೆ, ಹಾಳೆ ಇಟ್ಟು ಸರಿ ಮಾಡಿದರೂ ಮೆರೂನ್ ಒಂಚೂರು ಕಂದು ಕಡೆ ವಾಲುತ್ತದೆ. ಅದಕ್ಕೆ ಫೋಟೋ ಕಳಿಸುವ ಮುಂಚೆ, ಬೆಳಗ್ಗೆ ಕಿಟಕಿ ಹತ್ತಿರ ಅತ್ತಿಗೆ ರವಿಕೆ ಹಿಡಿಯುತ್ತಾರೆ, ನಾನು ಪಕ್ಕದಲ್ಲಿ ಫೋನ್ ಹಿಡಿಯುತ್ತೇನೆ. "ಇನ್ನೊಂಚೂರು ಕೆಂಪು" ಅಂತ ಅವರು ಅಂದರೆ ಇನ್ನೊಂಚೂರು ಕೆಂಪು.