ಓರೆ ನಗೆ, ಕಿರಿದಾದ ಕಣ್ಣು: ಒಂದೇ ಮುಖದ ಮೇಲೆ ಮಾಡಿ ನೋಡಿದ ತಿದ್ದುಪಡಿಗಳು

ಮದುವೆ ಆಲ್ಬಮ್ಮಿಗೆ ಆರಿಸಿದ ಒಂದು ಚಿತ್ರವನ್ನು ನೋಡಿ ವಧು ಎರಡು ದೂರು ಹೇಳಿದರು: ಬಾಯಿ ಸೊಟ್ಟಗೆ ಬಂದಿದೆ, ಬಲಗಣ್ಣು ಚಿಕ್ಕದಾಗಿ ಕಾಣುತ್ತಿದೆ. ಎರಡೂ ನಿಜವೇ ಆಗಿದ್ದವು. ಆದರೆ ಎರಡನ್ನೂ ತಿದ್ದಬೇಕೇ ಎಂಬುದು ಬೇರೆಯೇ ಪ್ರಶ್ನೆಯಾದ್ದರಿಂದ, ಫೋಟೋಶಾಪ್ ತೆರೆಯುವ ಮೊದಲು ಅದೇ ದಿನದ ಇನ್ನೂ ಒಂಬತ್ತು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಏಳರಲ್ಲಿ ತುಟಿಯ ಎಡತುದಿ ಬಲತುದಿಗಿಂತ ಮೇಲಕ್ಕೆ ಎದ್ದಿತ್ತು, ಎಂದರೆ ಅವರು ನಗುವುದೇ ಹಾಗೆ. ಕಣ್ಣು ಮಾತ್ರ ಈ ಒಂದರಲ್ಲಷ್ಟೇ ಕಿರಿದಾಗಿತ್ತು. ವೀಡಿಯೊ ತೆಗೆಯುವವರ ದೀಪ ಬಲಗಡೆಯಿಂದ ನೇರವಾಗಿ ಮುಖಕ್ಕೆ ಬಿದ್ದು ಆ ಕಣ್ಣು ಮುದುಡಿಕೊಂಡಿತ್ತು.

ಕಣ್ಣಿನಿಂದಲೇ ಆರಂಭಿಸಿದೆ. ಪೂರ್ಣ ಗಾತ್ರದಲ್ಲಿ ಅಳೆದಾಗ ಎಡಗಣ್ಣಿನ ರೆಪ್ಪೆಗಳ ನಡುವೆ 51 ಪಿಕ್ಸೆಲ್, ಬಲಗಣ್ಣಿನಲ್ಲಿ 38 ಪಿಕ್ಸೆಲ್ ಅಂತರವಿತ್ತು. ಕರಿಯಾಲಿಯ ಅಗಲ ಎರಡರಲ್ಲೂ ಸುಮಾರು 60. ಚಿತ್ರದ ಭಾಗಗಳನ್ನು ಎಳೆದು, ಹಿಗ್ಗಿಸಿ ಆಕಾರ ಬದಲಿಸುವ Liquify ಫಿಲ್ಟರಿನಲ್ಲಿ ಮುಖವನ್ನು ತಾನೇ ಗುರುತಿಸುವ Face-Aware ಸೌಲಭ್ಯ 2016ರಿಂದ ಇದೆ. ಅದರ Eye Size ಸ್ಲೈಡರನ್ನು ಬಲಗಣ್ಣಿಗೆ ಮಾತ್ರ ಏರಿಸಿದಾಗ ರೆಪ್ಪೆಯ ಜೊತೆಗೆ ಕರಿಯಾಲಿಯೂ ದೊಡ್ಡದಾಯಿತು. ಒಬ್ಬರ ಎರಡು ಕಣ್ಣುಗಳ ಕರಿಯಾಲಿಗಳು ಸಾಮಾನ್ಯವಾಗಿ ಒಂದೇ ಅಳತೆಯವಾಗಿರುವುದರಿಂದ, ಒಂದು ಆರು ಪಿಕ್ಸೆಲ್ ಹಿಗ್ಗಿದರೂ ನೋಡುವವರಿಗೆ ಕಾರಣ ತಿಳಿಯದೆಯೇ ಕಸಿವಿಸಿಯಾಗುತ್ತದೆ. Eye Height ಕೊಂಚ ವಾಸಿ. ಆದರೂ ಅಂತರ 46ಕ್ಕೆ ಬರುವ ಹೊತ್ತಿಗೆ ಕರಿಯಾಲಿ ಮೊಟ್ಟೆಯಂತೆ ಉದ್ದವಾಗಿ, ಅದರಲ್ಲಿದ್ದ ದೀಪದ ಬಿಳಿಚುಕ್ಕೆಯೂ ಗೀಟಾಗಿತ್ತು.

ಎರಡನೆಯದಾಗಿ, Forward Warp ಕುಂಚದಿಂದ ಕೈಯಾರೆ ತಳ್ಳಿ ನೋಡಿದೆ. ಕರಿಯಾಲಿ ಅಲುಗದಂತೆ ಅದಕ್ಕೆ Freeze Mask ಹಚ್ಚಿ, ರೆಪ್ಪೆಯಷ್ಟೇ ಅಗಲದ ಕುಂಚದಿಂದ ಕಡಿಮೆ ಒತ್ತಡದಲ್ಲಿ ಮೇಲಕ್ಕೆ ಸರಿಸಿದರೆ ಮೂರು ನಾಲ್ಕು ಪಿಕ್ಸೆಲ್‌ವರೆಗೆ ಸಹಜವಾಗಿಯೇ ಕಾಣುತ್ತದೆ. ಅದರಾಚೆಗೆ ರೆಪ್ಪೆಗೂದಲು ದಪ್ಪನಾಗಿ ಕಾಡಿಗೆ ಬಳಿದಂತಾಗುತ್ತದೆ. ಎಷ್ಟೇ ನಾಜೂಕಾಗಿ ಎಳೆದರೂ ಇರುವ ಪಿಕ್ಸೆಲ್ಲುಗಳು ಹಿಗ್ಗುತ್ತವೆಯೇ ಹೊರತು, ರೆಪ್ಪೆಯ ಹಿಂದೆ ಮರೆಯಾದ ಕಣ್ಣಿನ ಭಾಗ ಹೊಸದಾಗಿ ಹುಟ್ಟಿಬರುವುದಿಲ್ಲ. ನನಗೆ ಬೇಕಿದ್ದುದು ಹದಿಮೂರು ಪಿಕ್ಸೆಲ್.

ಆದ್ದರಿಂದ ಒಂದೆರಡು ಸೆಕೆಂಡಿನ ಅಂತರದಲ್ಲಿ ತೆಗೆದ ಮತ್ತೊಂದು ಚಿತ್ರದಿಂದ ತೆರೆದ ಬಲಗಣ್ಣನ್ನು ತಂದು, ಅಂಚು ಮೃದುವಾದ ಮಾಸ್ಕಿನಿಂದ ಕೂಡಿಸಿದೆ. ಆ ಚಿತ್ರದಲ್ಲಿ ನಗೆ ಇಳಿದಿತ್ತು, ಆದರೆ ತಲೆಯ ಓರೆ, ಬೆಳಕು, ನೋಟದ ದಿಕ್ಕು ಇವು ಮೂರೂ ಒಂದೇ ಆಗಿದ್ದವು. ನೋಟ ಸ್ವಲ್ಪ ಬೇರೆಯಾಗಿದ್ದರೂ ಮೆಳ್ಳೆಗಣ್ಣು ಬಂದುಬಿಡುತ್ತಿತ್ತು. ಮೂರು ವಿಧಾನಗಳಲ್ಲಿ ನಾನು ಉಳಿಸಿಕೊಂಡದ್ದು ಇದನ್ನೇ. ಒಂದೊಂದೇ ಫ್ರೇಮ್ ತೆಗೆದು ಮುಂದೆ ಹೋಗುವವರಿಗೆ ಈ ದಾರಿ ಸಿಗುವುದಿಲ್ಲವೆಂಬುದು ಇದರ ಮಿತಿ.

ನಗೆಯನ್ನು ತಿದ್ದಬಾರದೆಂದು ಆಗಲೇ ಅನ್ನಿಸಿದ್ದರೂ, ಕೇಳಿದವರಿಗೆ ತೋರಿಸಲೆಂದು ಅದನ್ನೂ ಮಾಡಿ ನೋಡಿದೆ. Smile ಸ್ಲೈಡರ್ ಇಲ್ಲಿ ಕೆಲಸಕ್ಕೇ ಬರುವುದಿಲ್ಲ. ಅದು ಎರಡೂ ತುದಿಗಳನ್ನು ಒಟ್ಟಿಗೆ ಎತ್ತುವುದರಿಂದ ಓರೆ ಹಾಗೆಯೇ ಉಳಿದು ನಗೆ ಮಾತ್ರ ಹಿಗ್ಗುತ್ತದೆ. ಕುಂಚದಿಂದ ಬಲತುದಿಯನ್ನು ಆರು ಪಿಕ್ಸೆಲ್ ಎತ್ತಿದೆ. ತುಟಿ ನೇರವಾಯಿತು, ಆದರೆ ಮೂಗಿನ ಬದಿಯಿಂದ ಇಳಿಯುವ ಗೆರೆಯೂ ಕೆನ್ನೆಯ ಉಬ್ಬೂ ಇದ್ದಲ್ಲೇ ಇದ್ದುದರಿಂದ ಬೇರೆ ಯಾರದೋ ತುಟಿಯನ್ನು ಅಂಟಿಸಿದಂತಿತ್ತು. ಕೆನ್ನೆಯನ್ನೂ ಸೇರಿಸಿ ದೊಡ್ಡ ಕುಂಚದಿಂದ ಎಳೆದಾಗ ಆ ದೋಷ ತಗ್ಗಿತು, ಬಲಗಿವಿಯ ಜುಮುಕಿ ಮಾತ್ರ ಓರೆಯಾಯಿತು. ಅರ್ಧಕ್ಕೆ ಇಳಿಸೋಣವೆಂದು ಪದರದ ಅಪಾರದರ್ಶಕತೆಯನ್ನು 50ಕ್ಕೆ ತಂದರೆ ಹಳೆಯ ತುಟಿ, ಹೊಸ ತುಟಿ ಎರಡೂ ನೆರಳಿನಂತೆ ಕಾಣಿಸಿಕೊಂಡವು. ಬಗ್ಗಿಸಿದ್ದನ್ನು ಹಗುರಗೊಳಿಸಬೇಕಾದರೆ Liquify ಒಳಗೇ Reconstruct ಬಳಸಬೇಕು; ಮುಗಿಸಿದ ಮೇಲೂ ಫಿಲ್ಟರನ್ನು ಮತ್ತೆ ತೆರೆದು ಬದಲಿಸಲು ಆಗುವಂತೆ ಚಿತ್ರವನ್ನು ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಟ್ಟಿರುವುದು ಒಳ್ಳೆಯದು.

ಅತಿಯಾಯಿತೆಂದು ನಾನು ಗುರುತಿಸುವುದು ಮುಖದಿಂದಲ್ಲ, ಅದರ ಸುತ್ತಲಿನಿಂದ: ಜುಮುಕಿ, ಕನ್ನಡಕದ ಅಂಚು, ಹಿಂದಿನ ಕಂಬದ ಗೆರೆ, ಚರ್ಮದ ರಂಧ್ರಗಳು. ಒಂದೆಡೆ ರಂಧ್ರಗಳು ಉದ್ದುದ್ದವಾಗಿದ್ದರೆ ಹಿಂದಕ್ಕೆ ಹೋಗುತ್ತೇನೆ.

ವಧುವಿಗೆ ನಗೆ ಮುಟ್ಟದ ಚಿತ್ರವನ್ನೇ ಎಡಬಲ ತಿರುಗಿಸಿ ತೋರಿಸಿದೆ. "ಇದು ಚೆನ್ನಾಗಿದೆ ಸಾರ್, ಇದನ್ನೇ ಹಾಕಿ" ಎಂದರು. ದಿನವೂ ಕನ್ನಡಿಯಲ್ಲಿ ನೋಡುವ ಮುಖ ಅದೇ ತಾನೇ. ಹಾಗೇ ಹಾಕಿದರೆ ಸೆರಗು ಬಲಭುಜದ ಮೇಲಿರುತ್ತದೆ ಎಂದಾಗ ನಕ್ಕುಬಿಟ್ಟರು, ಎಡತುದಿ ಮೊದಲು ಎದ್ದಿತು. ಆಲ್ಬಮ್ಮಿಗೆ ಹೋದದ್ದು ಕಣ್ಣನ್ನಷ್ಟೇ ಬದಲಿಸಿದ, ತಿರುಗಿಸದ ಚಿತ್ರ.